1980ರ ಚಿನ್ನ, ಇಂದಿನ ಚಿನ್ನ: ಯಾವ ತಕ್ಕಡಿಯಲ್ಲಿ ತೂಗಬೇಕು?

(2025ರ ನವೆಂಬರ್‌ನಲ್ಲಿ ಕೋಲಾರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎರಡು ತಿಂಗಳಿಂದ ನಿಮ್ಮಲ್ಲಿ ಅನೇಕರ ಮೊಬೈಲಿಗೆ ಒಂದು ಸುದ್ದಿ ಬಂದಿರುತ್ತದೆ. ಚಿನ್ನ ತನ್ನ 45 ವರ್ಷದ ಹಳೆಯ ದಾಖಲೆಯನ್ನು ಮುರಿದಿದೆ, ಹಣದುಬ್ಬರವನ್ನು ಕಳೆದು ನೋಡಿದರೂ ಇದೇ ಅತಿ ಹೆಚ್ಚಿನ ಬೆಲೆ ಎಂಬ ಸುದ್ದಿ. ಕೆಲವರು ಅದನ್ನು ನನಗೂ ಕಳಿಸಿ ಇದು ನಿಜವೇ ಎಂದು ಕೇಳಿದರು. ನಿಜ. ಆದರೆ ಅದು ನ್ಯೂಯಾರ್ಕಿನಲ್ಲಿ ಅಂಗಡಿ ಸಾಮಾನು ಕೊಳ್ಳುವವನ ನಿಜ. ಕೋಲಾರದಲ್ಲಿ ಅಕ್ಕಿ, ಬೇಳೆ ಕೊಂಡು, ಮಿಕ್ಕ ದುಡ್ಡಲ್ಲಿ ಒಂದು ಸವರನ್ ಮಾಡಿಸುವವರ ಲೆಕ್ಕ ಬೇರೆ. ಇವತ್ತು ಅದೊಂದನ್ನೇ ನಿಧಾನವಾಗಿ ಬಿಡಿಸೋಣ.

ಮೊದಲು ಅಮೆರಿಕದ ಲೆಕ್ಕ. 1971ರ ಆಗಸ್ಟ್ 15ರವರೆಗೆ ಡಾಲರಿಗೂ ಚಿನ್ನಕ್ಕೂ ಕಟ್ಟಿದ ಗಂಟಿತ್ತು. ಒಂದು ಔನ್ಸ್ ಅಂದರೆ 31.1 ಗ್ರಾಂ ಚಿನ್ನಕ್ಕೆ 35 ಡಾಲರ್. ಅಧ್ಯಕ್ಷ ನಿಕ್ಸನ್ ಆ ದಿನ ಗಂಟು ಬಿಚ್ಚಿದ ಮೇಲೆ ಬೆಲೆ ತನ್ನ ಪಾಡಿಗೆ ಏರತೊಡಗಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ನವೆಂಬರ್‌ನಲ್ಲಿ ಅಲ್ಲಿನ ಅಮೆರಿಕನ್ ರಾಯಭಾರ ಕಚೇರಿಯವರು ಒತ್ತೆಯಾಳಾದರು, ಡಿಸೆಂಬರ್ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಅಮೆರಿಕದಲ್ಲಿ ಬೆಲೆಗಳು ವರ್ಷಕ್ಕೆ ಶೇಕಡಾ 13ರ ಹತ್ತಿರ ಏರುತ್ತಿದ್ದವು. ಆ ಗಾಬರಿಯಲ್ಲಿ 1980ರ ಜನವರಿ 21ರಂದು ಲಂಡನ್ನಿನಲ್ಲಿ ಚಿನ್ನಕ್ಕೆ 850 ಡಾಲರ್ ನಿಗದಿಯಾಯಿತು.

ಮರುದಿನವೇ ಅದು 737 ಡಾಲರಿಗೆ ಕುಸಿಯಿತು. ಮಾರ್ಚ್ ತಿಂಗಳಲ್ಲಿ 500ರ ಕೆಳಗಿತ್ತು. 850 ಎಂಬ ಆ ಅಂಕಿಯನ್ನು ಚಿನ್ನ ಮತ್ತೆ ಕಂಡದ್ದು 2008ರ ಜನವರಿಯಲ್ಲಿ, 28 ವರ್ಷ ಕಳೆದ ಮೇಲೆ.

ಆ 850 ಡಾಲರ್ ಇವತ್ತಿನ ಎಷ್ಟು ಡಾಲರಿಗೆ ಸಮ? ಅದಕ್ಕೆ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ಬೇಕು. ಮನೆಯೊಂದಕ್ಕೆ ಬೇಕಾಗುವ ಸಾಮಾನು, ಬಾಡಿಗೆ, ಔಷಧಿ ಎಲ್ಲವನ್ನೂ ಒಂದು ಬುಟ್ಟಿಗೆ ಹಾಕಿ ಅದರ ಬೆಲೆಯನ್ನು ತಿಂಗಳು ತಿಂಗಳೂ ಅಳೆಯುವ ಅಂಕಿ ಅದು. 1980ರ ಜನವರಿಯಲ್ಲಿ 77.8 ಇತ್ತು, 2025ರ ಸೆಪ್ಟೆಂಬರ್‌ನಲ್ಲಿ 324.8. ಭಾಗಿಸಿದರೆ 4.17. ಅಂದರೆ ಅಲ್ಲಿ ಬುಟ್ಟಿಯ ಬೆಲೆ ನಾಲ್ಕು ಪಟ್ಟು ಚಿಲ್ಲರೆ ಆಗಿದೆ. 850ನ್ನು ಇದರಿಂದ ಗುಣಿಸಿದರೆ ಸುಮಾರು 3,550 ಡಾಲರ್. ಈ ಸೆಪ್ಟೆಂಬರ್‌ನಲ್ಲಿ ಚಿನ್ನ ಆ ಗಡಿ ದಾಟಿತು, ಅಕ್ಟೋಬರ್‌ನಲ್ಲಿ 4,000 ದಾಟಿತು. ನಿಮ್ಮ ಮೊಬೈಲಿಗೆ ಬಂದ ಸುದ್ದಿಯ ಮೂಲ ಇಷ್ಟೇ.

ಇಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಒಂದೇ ಒಂದು ದಿನ ಇದ್ದ ಬೆಲೆಯನ್ನು ಶಿಖರ ಎಂದು ಹಿಡಿಯುವುದು ಸರಿಯೇ? ನಮ್ಮ ಕೋಲಾರದ ಮಾರುಕಟ್ಟೆಯಲ್ಲಿ ಒಂದು ದಿನ ಟೊಮೆಟೊ ಬಾಕ್ಸಿಗೆ ಎರಡು ಸಾವಿರ ಸಿಕ್ಕಿತು ಅಂದರೆ, ಆ ವರ್ಷ ಟೊಮೆಟೊಗೆ ಎರಡು ಸಾವಿರ ಬೆಲೆ ಇತ್ತು ಅಂತ ಯಾವ ರೈತನೂ ಹೇಳುವುದಿಲ್ಲ. 1980ರ ಇಡೀ ವರ್ಷದ ಸರಾಸರಿ ತೆಗೆದರೆ ಚಿನ್ನ 613 ಡಾಲರ್ ಆಸುಪಾಸು ಬರುತ್ತದೆ. ಆ ವರ್ಷದ ಸರಾಸರಿ ಸೂಚ್ಯಂಕ 82.4. ಇದೇ ರೀತಿ ಲೆಕ್ಕ ಹಾಕಿದರೆ ಇಂದಿನ ಸುಮಾರು 2,420 ಡಾಲರ್. ಆ ಮಟ್ಟವನ್ನು ಚಿನ್ನ 2024ರಲ್ಲೇ ಮೀರಿತ್ತು. ನಡುವೆ 2011ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಶಿಖರ ಬಂತು, 1,895 ಡಾಲರ್. ಅದು ಇಂದಿನ 2,700 ಡಾಲರಿಗೆ ಸಮ. ಆಗಲೂ ದಾಖಲೆ ಎಂದು ಪತ್ರಿಕೆಗಳು ಬರೆದವು. ಚೀಟಿಯ ಮೇಲಿನ ಅಂಕಿಗೆ ಅದು ದಾಖಲೆ ಹೌದು. ಕೊಳ್ಳುವ ಶಕ್ತಿಯಲ್ಲಿ ನೋಡಿದರೆ 1980ರ ಆ ಒಂದು ದಿನದ ಬೆಲೆಗಿಂತ ಬಹಳ ಕೆಳಗಿತ್ತು.

ಹೀಗಾಗಿ ಯಾರಾದರೂ ಹಳೆಯ ಶಿಖರಕ್ಕೆ ಹೋಲಿಸಿ ಮಾತಾಡಿದರೆ, ಅದು ದಿನದ ಬೆಲೆಯೋ ವರ್ಷದ ಸರಾಸರಿಯೋ ಎಂದು ಮೊದಲು ಕೇಳಿ. ಎರಡರ ನಡುವೆ ಸಾವಿರ ಡಾಲರಿಗೂ ಹೆಚ್ಚಿನ ಅಂತರ ಇದೆ.

ಈಗ ನಮ್ಮ ಮನೆಗೆ ಬರೋಣ. ಜನ ಮಾಡುವ ದೊಡ್ಡ ತಪ್ಪು ಯಾವುದೆಂದರೆ, ಆ 3,550 ಡಾಲರನ್ನು ಇವತ್ತಿನ 88 ರೂಪಾಯಿಯಿಂದ ಗುಣಿಸಿ, ಹತ್ತು ಗ್ರಾಂಗೆ ಇಳಿಸಿ, 1980ರ ಬೆಲೆ ಇಂದಿನ ಒಂದು ಲಕ್ಷಕ್ಕೆ ಸಮ ಎಂದುಬಿಡುವುದು. ಹಾಗೆ ಮಾಡಿದಾಗ ಅಮೆರಿಕದ ಬುಟ್ಟಿಯಲ್ಲಿ ಅಳೆದು ನಮ್ಮ ನೋಟಿನಲ್ಲಿ ಎಣಿಸಿದಂತಾಗುತ್ತದೆ. 1980ರಲ್ಲಿ ಇಲ್ಲಿ ಯಾರೂ ಡಾಲರ್ ಕೊಟ್ಟು ಚಿನ್ನ ತಂದಿಲ್ಲ. ತರುವ ಹಾಗೂ ಇರಲಿಲ್ಲ. ಚಿನ್ನ ನಿಯಂತ್ರಣ ಕಾಯಿದೆ ಇದ್ದ ಕಾಲ ಅದು. ಗಟ್ಟಿ ಚಿನ್ನ ಮನೆಯಲ್ಲಿಡುವುದು ಅಪರಾಧ, ಒಡವೆ ಮಾತ್ರ ಇಟ್ಟುಕೊಳ್ಳಬಹುದಿತ್ತು. ಆ ಕಾಯಿದೆ ರದ್ದಾದದ್ದು 1990ರಲ್ಲಿ.

ರೂಪಾಯಿಯ ಬೆಲೆಯಿಂದಲೇ ಹೊರಡೋಣ. ರಿಸರ್ವ್ ಬ್ಯಾಂಕಿನ ಅಂಕಿಗಳಲ್ಲಿ 1980-81ರ ಮುಂಬೈ ಸರಾಸರಿ, ಹತ್ತು ಗ್ರಾಂಗೆ 1,522 ರೂಪಾಯಿ. ನಿಮ್ಮ ಮನೆಯಲ್ಲಿ ಆ ಕಾಲದ ರಸೀದಿ ಇದ್ದರೆ ತೆಗೆದು ನೋಡಿ, ಸವರನ್ ಅಂದರೆ ಎಂಟು ಗ್ರಾಂಗೆ ಹೆಚ್ಚು ಕಡಿಮೆ 1,200 ರೂಪಾಯಿ ಕಾಣಬೇಕು. ನನ್ನ ತಾಯಿಯ ಪೆಟ್ಟಿಗೆಯಲ್ಲಿ ಅಂಥದೊಂದು ಚೀಟಿ ಇತ್ತು, ನನ್ನ ಅಕ್ಕನ ಮದುವೆಯ ಸರಕ್ಕೆ. ಸವರನ್ನಿಗೆ ಇಷ್ಟು ಕೊಟ್ಟೆವಲ್ಲ ಎಂದು ಅಪ್ಪ ವರ್ಷಗಟ್ಟಲೆ ಹೇಳುತ್ತಿದ್ದರು.

ಇದನ್ನು ಇಂದಿನ ರೂಪಾಯಿಗೆ ತರಲು ನಮ್ಮ ಸೂಚ್ಯಂಕ ಬೇಕು. 1980ಕ್ಕೂ ಇಂದಿಗೂ ಸೇತುವೆಯಾಗಬಲ್ಲದ್ದು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಇಲ್ಲಿ ನಿವೃತ್ತರು ಬಹಳ ಮಂದಿ ಇದ್ದೀರಿ, ನಿಮ್ಮ ತುಟ್ಟಿಭತ್ಯೆಯನ್ನು ನಿರ್ಧರಿಸಿದ್ದು ಇದೇ ಸೂಚ್ಯಂಕ. ಇದನ್ನು ಬಳಸುವಾಗ ಒಂದು ಎಚ್ಚರ ಬೇಕು. ಸರ್ಕಾರ ಆಗಾಗ ಬುಟ್ಟಿ ಬದಲಾಯಿಸಿ ಮತ್ತೆ 100ರಿಂದ ಎಣಿಕೆ ಶುರು ಮಾಡುತ್ತದೆ. ಮೊದಲು 1960ನ್ನು 100 ಎಂದು ಹಿಡಿದಿದ್ದರು, ಆಮೇಲೆ 1982, ಆಮೇಲೆ 2001, ಈಗ 2016. ಇವತ್ತಿನ ಅಂಕಿ ಸುಮಾರು 147. 1980-81ರ ಅಂಕಿ 401. ಎರಡನ್ನೂ ಪಕ್ಕದಲ್ಲಿಟ್ಟರೆ 45 ವರ್ಷದಲ್ಲಿ ಬೆಲೆಗಳು ಇಳಿದಿವೆ ಎಂದು ಕಾಣುತ್ತದೆ! ಅಂತರ್ಜಾಲದಲ್ಲಿ ಲೆಕ್ಕ ಹಾಕುವ ಎಷ್ಟೋ ಮಂದಿ ಎಡವುವುದು ಇಲ್ಲಿಯೇ. ಒಂದು ಸರಣಿಯಿಂದ ಹಿಂದಿನ ಸರಣಿಗೆ ದಾಟಲು ಜೋಡಣೆಯ ಗುಣಕಗಳಿವೆ: 2016ರಿಂದ 2001ಕ್ಕೆ 2.88, ಅಲ್ಲಿಂದ 1982ಕ್ಕೆ 4.63, ಅಲ್ಲಿಂದ 1960ಕ್ಕೆ 4.93. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಕೊನೆಯ ಎರಡು ಅಂಕಿ ಬಾಯಿಪಾಠ. ಮೂರು ತಿಂಗಳಿಗೊಮ್ಮೆ ತುಟ್ಟಿಭತ್ಯೆ ಬದಲಾದಾಗ ನಾವು ಕೂತು ಗುಣಿಸುತ್ತಿದ್ದೆವು.

147ನ್ನು ಈ ಮೂರರಿಂದಲೂ ಗುಣಿಸಿದರೆ ಸುಮಾರು 9,660. ಅದನ್ನು 401ರಿಂದ ಭಾಗಿಸಿದರೆ 24. ಅಂದರೆ 1980-81ರಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ಮನೆ ಸಾಮಾನಿಗೆ ಇಂದು 2,400 ರೂಪಾಯಿ ಬೇಕು. ಅಂದಿನ ಸಂಬಳವನ್ನೂ ಅಂದಿನ ಅಕ್ಕಿಯ ಬೆಲೆಯನ್ನೂ ನೆನಪಿಟ್ಟುಕೊಂಡ ಹಿರಿಯರು ಮುಂದಿನ ಸಾಲಿನಲ್ಲಿದ್ದೀರಿ, ಇದು ಸರಿಯೋ ತಪ್ಪೋ ನೀವೇ ತಾಳೆ ನೋಡಬಹುದು. ಆ ಕಾಲದ ಬುಟ್ಟಿಯಲ್ಲಿ ಮೊಬೈಲ್ ಇರಲಿಲ್ಲ, ಶಾಲೆಯ ಶುಲ್ಕಕ್ಕೆ ಇಷ್ಟು ತೂಕ ಇರಲಿಲ್ಲ, ಆದ್ದರಿಂದ 24 ಎಂಬುದು ಒಂದೆರಡು ಅಂಕಿ ಆಚೀಚೆ ಇರಬಹುದು. ಹತ್ತೋ ನಲವತ್ತೋ ಆಗಲಾರದು.

ಈಗ ಗುಣಿಸಿ. 1,522 ರೂಪಾಯಿಗೆ 24 ಪಟ್ಟು ಎಂದರೆ ಸುಮಾರು 36,500 ರೂಪಾಯಿ. ಅಪ್ಪ ಬೇಸರ ಪಟ್ಟುಕೊಂಡ ಆ ಬೆಲೆ ಇಂದಿನ ರೂಪಾಯಿಯಲ್ಲಿ ಹತ್ತು ಗ್ರಾಂಗೆ 36,500. ಇವತ್ತು ಅಂಗಡಿಯಲ್ಲಿ ಎಷ್ಟು? ದಿನಕ್ಕೊಂದು ಬೆಲೆ ಇದೆ, ಲೆಕ್ಕಕ್ಕೆ ಸುಲಭವಾಗಲೆಂದು ಅಪರಂಜಿಗೆ 1,20,000 ಎಂದಿಟ್ಟುಕೊಳ್ಳೋಣ. ಮೂರೂಕಾಲು ಪಟ್ಟು ಆಯಿತು.

ವ್ಯತ್ಯಾಸ ಗಮನಿಸಿದಿರಾ? ಅಮೆರಿಕದವರಿಗೆ ವರ್ಷದ ಸರಾಸರಿಯ ಲೆಕ್ಕದಲ್ಲಿ ಚಿನ್ನ 1980ಕ್ಕಿಂತ ಒಂದೂಮುಕ್ಕಾಲು ಪಟ್ಟನ್ನೂ ಮುಟ್ಟಿಲ್ಲ. ಅದೇ ಚಿನ್ನ, ಅದೇ 45 ವರ್ಷ, ನಮಗೆ ಮೂರು ಪಟ್ಟಿಗಿಂತ ಹೆಚ್ಚು. ಅವರು ಹಳೆಯ ದಾಖಲೆ ಈಗ ಮುರಿಯಿತು ಎನ್ನುತ್ತಿದ್ದಾರೆ, ನಮ್ಮಲ್ಲಿ 1980-81ರ ಮಟ್ಟ ಯಾವಾಗಲೋ ಹಿಂದೆ ಬಿದ್ದಿದೆ. 2011-12ರಲ್ಲೇ, ಹತ್ತು ಗ್ರಾಂ 25,700 ರೂಪಾಯಿ ಇದ್ದಾಗ, ನಾವು ಅದರ ಒಂದೂವರೆ ಪಟ್ಟು ತಲುಪಿಯಾಗಿತ್ತು.

ಕಾರಣ ಎಲ್ಲಿದೆ? ಡಾಲರಿನ ಬೆಲೆಯಲ್ಲಿ. 1980ರಲ್ಲಿ ಡಾಲರಿಗೆ 7 ರೂಪಾಯಿ 90 ಪೈಸೆ ಹತ್ತಿರ ಇತ್ತು. ಅಂದಿನಿಂದ ಅಮೆರಿಕದ ಬೆಲೆಗಳು ನಾಲ್ಕು ಪಟ್ಟು ಏರಿದವು, ನಮ್ಮವು 24 ಪಟ್ಟು. ನಮ್ಮದು ಅವರಿಗಿಂತ ಆರು ಪಟ್ಟು ಹೆಚ್ಚು ಏರಿದೆ. ಬೆಲೆ ಏರಿಕೆಯ ವ್ಯತ್ಯಾಸವನ್ನಷ್ಟೇ ಸರಿದೂಗಿಸಿದ್ದರೆ ಡಾಲರ್ ಆರು ಪಟ್ಟಾಗಿ 48 ರೂಪಾಯಿಯಲ್ಲಿ ನಿಲ್ಲಬೇಕಿತ್ತು. ಆದರೆ ಇವತ್ತು 88. ಅಂದು ರೂಪಾಯಿಯನ್ನು ಸರ್ಕಾರ ಎತ್ತಿ ಹಿಡಿದಿತ್ತು, ಅದರ ನಿಜ ಬೆಲೆ ಅಷ್ಟಿರಲಿಲ್ಲ. 1991ರ ಜುಲೈನಲ್ಲಿ ಎರಡು ಬಾರಿ ಅಪಮೌಲ್ಯ ಮಾಡಿದರು, 1993ರಲ್ಲಿ ದರವನ್ನು ಮಾರುಕಟ್ಟೆಗೆ ಬಿಟ್ಟರು. ಈ 48 ಮತ್ತು 88ರ ನಡುವಿನ ಅಂತರ ಚಿನ್ನ ಇಟ್ಟುಕೊಂಡವರ ಪಾಲಿಗೆ ಬಂತು. ಜೊತೆಗೆ ಆಮದು ಸುಂಕ ಒಂದಿಷ್ಟು, ಈಗ ಶೇಕಡಾ 6. 2024ರ ಜುಲೈ ಬಜೆಟ್ಟಿಗೆ ಮೊದಲು ಅದು 15 ಇತ್ತು.

ಇದರಿಂದ ಒಂದು ಮಾತು ತಿಳಿಯುತ್ತದೆ. ನಮ್ಮ ಹಳ್ಳಿಯ ಹೆಂಗಸು ಕಿವಿಯ ಓಲೆ ಮಾಡಿಸಿಟ್ಟುಕೊಂಡಾಗ ಅವಳು ಗೊತ್ತಿಲ್ಲದೆ ಎರಡು ವಸ್ತು ಕೊಂಡಿದ್ದಳು. ಒಂದು ಚಿನ್ನ, ಇನ್ನೊಂದು ಡಾಲರ್. ಲಾಭದಲ್ಲಿ ಎರಡನೆಯದರ ಪಾಲು ಮೊದಲನೆಯದಕ್ಕೆ ಕಡಿಮೆ ಇಲ್ಲ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಚಿನ್ನ ಯಾವತ್ತೂ ಸೋಲುವುದಿಲ್ಲ ಎಂದು ಯಾರಿಗಾದರೂ ಅನ್ನಿಸಿದ್ದರೆ, ನಡುವಿನ ಕಣಿವೆಯನ್ನು ನಾನು ಇನ್ನೂ ತೋರಿಸಿಲ್ಲ.

1980-81ರಲ್ಲಿ 1,522 ಕೊಟ್ಟು ಹತ್ತು ಗ್ರಾಂ ಕೊಂಡವರು, ಮಗಳ ಮದುವೆಗೋ ಗದ್ದೆಯ ಬೋರ್‌ವೆಲ್ಲಿಗೋ 2000-01ರಲ್ಲಿ ಅದನ್ನು ಮಾರಿದರು ಎನ್ನಿ. ಆ ವರ್ಷದ ಸರಾಸರಿ 4,474 ರೂಪಾಯಿ. ಸುಮಾರು ಮೂರು ಪಟ್ಟು. ನಾನಾಗ ಶಾಖೆಯಲ್ಲಿ ಒಡವೆ ಸಾಲದ ಕೌಂಟರಿನಲ್ಲಿದ್ದೆ. ಮಾರಲು ಮನಸ್ಸಿಲ್ಲದೆ ಅಡವಿಡಲು ಬರುತ್ತಿದ್ದ ತಾಯಂದಿರು, "ನಾವು ತಗೊಂಡಾಗ ಸವರನ್ನಿಗೆ ಸಾವಿರದಿನ್ನೂರು ಸಾರ್, ಈಗ ಮೂರೂವರೆ ಸಾವಿರ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನಾನೂ ತಲೆದೂಗುತ್ತಿದ್ದೆ. ಲೆಕ್ಕ ಹಾಕಿ ನೋಡಿದ್ದು ಬಹಳ ವರ್ಷಗಳ ಮೇಲೆ.

ಆ 20 ವರ್ಷದಲ್ಲಿ ಬೆಲೆ ಸೂಚ್ಯಂಕ ಐದೂವರೆ ಪಟ್ಟಾಗಿತ್ತು. 1,522 ರೂಪಾಯಿಯ ಕೊಳ್ಳುವ ಶಕ್ತಿ ಉಳಿಯಬೇಕಾದರೆ ಹತ್ತು ಗ್ರಾಂ 8,300 ರೂಪಾಯಿ ಆಗಬೇಕಿತ್ತು. ಸಿಕ್ಕಿದ್ದು 4,474. ನೂರು ಮೂಟೆ ಅಕ್ಕಿಯ ಬೆಲೆ ಕೊಟ್ಟು ಚಿನ್ನ ಕೊಂಡವರಿಗೆ 20 ವರ್ಷದ ಮೇಲೆ 54 ಮೂಟೆಯ ಬೆಲೆ ವಾಪಸ್ ಬಂದ ಹಾಗೆ. ಒಡವೆಯಾದರೆ ಸವಕಳಿ, ಕೂಲಿ ಕಳೆದು ಇನ್ನೂ ಕಡಿಮೆ. ಅದೇ 1,522 ರೂಪಾಯಿ ವರ್ಷಕ್ಕೆ ಶೇಕಡಾ 9ರ ಚಕ್ರಬಡ್ಡಿಯಲ್ಲಿ ಬೆಳೆದಿದ್ದರೆ 8,500 ಆಗುತ್ತಿತ್ತು. ಆ ತಾಯಂದಿರು ಕಳೆದುಕೊಂಡಿದ್ದರು, ಆದರೆ ಚೀಟಿಯ ಮೇಲಿನ ಅಂಕಿ ಬೆಳೆಯುತ್ತಲೇ ಇದ್ದುದರಿಂದ ಅದು ಅವರಿಗೆ ಕಾಣಲಿಲ್ಲ. ಕೌಂಟರಿನ ಈಚೆಗೆ ಕೂತಿದ್ದ ನನಗೂ ಕಾಣಲಿಲ್ಲ ಎಂಬುದು ಇಂದಿಗೂ ನನ್ನನ್ನು ಕೊರೆಯುತ್ತದೆ.

ಇಷ್ಟು ಉದ್ದದ್ದಲ್ಲದ ಇನ್ನೊಂದು ಕಣಿವೆ ಇತ್ತೀಚೆಗೂ ಬಂದು ಹೋಯಿತು. 2012-13ರಲ್ಲಿ ಹತ್ತು ಗ್ರಾಂ 30 ಸಾವಿರ ಇತ್ತು, 2018-19ರಲ್ಲಿ 31 ಸಾವಿರ. ಬೆಲೆ ಅಲ್ಲೇ ನಿಂತಿದೆ ಎಂದು ಎಲ್ಲರೂ ಅಂದುಕೊಂಡರು. ಆ ಆರು ವರ್ಷದಲ್ಲಿ ಮನೆ ಖರ್ಚು ಶೇಕಡಾ 40ರ ಹತ್ತಿರ ಏರಿತ್ತು. ಕಾಲು ಭಾಗ ಕರಗಿತ್ತು.

ಈಗ 2000-01 ಎಂದ ಕೂಡಲೇ ಈ ಜಿಲ್ಲೆಯವರಿಗೆ ಇನ್ನೊಂದು ನೆನಪಾಗಬೇಕು. 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ನನ್ನ ಸೋದರಮಾವ ಚಾಂಪಿಯನ್ ರೀಫ್‌ನಲ್ಲಿ ಇಳಿದು ದುಡಿದವರು. ಗಣಿಯ ಚಿನ್ನ ಮುಗಿದುಹೋಯಿತು ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಅದರಲ್ಲಿ ಸತ್ಯವಿದೆ. 120 ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ತೆಗೆದಾಗಿತ್ತು, ಮೂರು ಕಿಲೋಮೀಟರ್ ಆಳಕ್ಕೆ ಹೋಗಿದ್ದರು, ಅದುರಿನಲ್ಲಿ ಚಿನ್ನದ ಅಂಶ ತೆಳ್ಳಗಾಗಿತ್ತು. ಅಷ್ಟು ಆಳದ ಬಿಸಿಯಲ್ಲಿ ಗಾಳಿ ಊದಬೇಕು, ನೀರು ಎತ್ತಬೇಕು, ಆ ಖರ್ಚೆಲ್ಲ ಹಣದುಬ್ಬರದ ಜೊತೆಗೇ ಏರುತ್ತದೆ. ಕರೆಂಟು ಐದೂವರೆ ಪಟ್ಟು, ಕೂಲಿ ಐದೂವರೆ ಪಟ್ಟು, ತೆಗೆದ ಚಿನ್ನಕ್ಕೆ ಮಾತ್ರ ಮೂರು ಪಟ್ಟು ಎಂದರೆ ಯಾವ ಗಣಿ ನಿಲ್ಲುತ್ತದೆ? ಗಣಿ ಮುಚ್ಚಿದ ತಿಂಗಳಲ್ಲಿ ಲಂಡನ್ನಿನಲ್ಲಿ ಔನ್ಸಿಗೆ 260 ಡಾಲರ್ ಚಿಲ್ಲರೆ. ಇಂದಿನ ಡಾಲರಿನಲ್ಲಿ 480. ಜನವರಿ 1980ರ ಶಿಖರದಿಂದ ನೋಡಿದರೆ ಏಳು ಭಾಗದಲ್ಲಿ ಒಂದು ಭಾಗ ಮಾತ್ರ ಉಳಿದಿತ್ತು. ಅರ್ಧ ಶತಮಾನದ ಅತಿ ಕೆಳಗಿನ ಮಟ್ಟಗಳಲ್ಲಿ ಅದೊಂದು. ಗಣಿ ಮುಚ್ಚಲು ಅದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ನಿಜ ಬೆಲೆ ತಳ ಕಂಡ ಹೊತ್ತಿನಲ್ಲೇ ಆ ಬಾಗಿಲು ಮುಚ್ಚಿತು ಎಂಬುದನ್ನು ನಮ್ಮ ಜಿಲ್ಲೆಯ ಚರಿತ್ರೆ ಬರೆಯುವವರು ಒಂದು ಸಾಲಿನಲ್ಲಾದರೂ ಬರೆಯಬೇಕು.

ಕೊನೆಗೆ ಒಂದು ಲೆಕ್ಕ ನಿಮ್ಮ ಮುಂದೆ ಇಟ್ಟುಬಿಡುತ್ತೇನೆ. ಕೆಜಿಎಫ್‌ನಲ್ಲಿ ಸೈನೈಡ್ ದಿಬ್ಬಗಳನ್ನು ನೋಡದವರು ಇಲ್ಲಿ ಯಾರೂ ಇರಲಾರರು. ಅದುರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ, ಮೂರು ಕೋಟಿ ಟನ್ನಿಗೂ ಹೆಚ್ಚು ರಾಶಿ ಬಿದ್ದಿದೆ. ಗಾಳಿ ಬೀಸಿದರೆ ಆಸುಪಾಸಿನ ಮನೆಗಳ ಅಡುಗೆ ಮನೆಗೂ ಅದರ ದೂಳು ಬರುತ್ತದೆ. ಅದರಲ್ಲಿ ಇನ್ನೂ ಒಂದಿಷ್ಟು ಚಿನ್ನವಿದೆ. ಒಂದು ಟನ್ ಪುಡಿಯಿಂದ ಅರ್ಧ ಗ್ರಾಂ ತೆಗೆಯಬಹುದು ಎಂದು ಸುಮ್ಮನೆ ಇಟ್ಟುಕೊಳ್ಳಿ. ಗಣಿ ಮುಚ್ಚಿದ ವರ್ಷ ಆ ಅರ್ಧ ಗ್ರಾಂ 224 ರೂಪಾಯಿ ಬೆಲೆ ಬಾಳುತ್ತಿತ್ತು. ಸೂಚ್ಯಂಕದಿಂದ ಇಂದಿನ ರೂಪಾಯಿಗೆ ತಂದರೆ ಸಾವಿರಕ್ಕೆ ಒಂದಿಷ್ಟು ಕಡಿಮೆ. ಅದೇ ಅರ್ಧ ಗ್ರಾಂಗೆ ಇವತ್ತು ಆರು ಸಾವಿರ. ದಿಬ್ಬ ಅಲ್ಲೇ ಇದೆ, ಒಳಗಿನ ಚಿನ್ನ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ, ಬೆಲೆ ನಿಜ ಲೆಕ್ಕದಲ್ಲಿ ಆರು ಪಟ್ಟಾಗಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅಂಥ 13 ದಿಬ್ಬಗಳಲ್ಲಿ ಗಣಿಗಾರಿಕೆಗೆ ಒಪ್ಪಿಗೆ ಕೊಟ್ಟಿತಲ್ಲ, ಆ ಒಪ್ಪಿಗೆಯ ಹಿಂದೆ ಈ ಅಂಕಿ ಇದೆ. ಬೆಲೆ ಮತ್ತೊಮ್ಮೆ 2001ರ ಕಣಿವೆಗೆ ಇಳಿದರೆ ಆ ಯಂತ್ರಗಳು ಮತ್ತೆ ನಿಲ್ಲುತ್ತವೆ, ಆಗ ಅಗೆದು ಅರ್ಧಕ್ಕೆ ಬಿಟ್ಟ ದಿಬ್ಬದ ದೂಳು ಯಾರ ಪಾಲಿಗೆ ಎಂಬುದನ್ನು ಹರಾಜಿಗೆ ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಕೆಜಿಎಫ್‌ನಿಂದ ಬಂದವರು ಇಲ್ಲಿದ್ದೀರಿ, ಈ ಪ್ರಶ್ನೆಯನ್ನು ನೀವು ನಿಮ್ಮ ನಗರಸಭೆಯಲ್ಲಿ ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.